ಅರ್ಧ ಪಾಠ

ಆ ಶಾಲೆಯ ಮಕ್ಕಳು ವಿಜ್ಞಾನದ ಟೀಚರಿಗೆ ಇಟ್ಟಿದ್ದ ಹೆಸರು 'ಹೌದಾ ಟೀಚರ್'. ಯಾರು ಏನು ಉತ್ತರ ಹೇಳಿದರೂ, ಸರಿಯಿರಲಿ ತಪ್ಪಿರಲಿ, ಆಕೆ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ "ಹೌದಾ?" ಅನ್ನುತ್ತಿದ್ದಳು. ತಪ್ಪು ಹೇಳಿದವರು ಹಾಗಿರಲಿ, ಸರಿ ಹೇಳಿದವರ ಎದೆಯೂ ಒಂದು ಸಲ ಡವಗುಟ್ಟಿ, ತಾವು ಹೇಳಿದ್ದು ಯಾಕೆ ಸರಿ ಅಂತ ಮತ್ತೆ ಯೋಚಿಸಬೇಕಾಗುತ್ತಿತ್ತು. ಆಕೆಗೆ ಬೇಕಾಗಿದ್ದೂ ಅಷ್ಟೇ.

ವಯಸ್ಸು ಐವತ್ತು ದಾಟಿತ್ತು. ಮೂರು ತರಗತಿಗಳಿಗೆ ವಿಜ್ಞಾನ, ಅದರ ಜೊತೆಗೆ ಗಣಿತ, ಯಾರಾದರೂ ರಜೆ ಹಾಕಿದರೆ ಅವರ ಪಾಠವೂ ಆಕೆಯ ತಲೆಗೇ. ಮಧ್ಯಾಹ್ನದ ಹೊತ್ತಿಗೆ ಮಂಡಿ ಹಿಡಿದುಕೊಳ್ಳುತ್ತಿತ್ತು. ಸಂಜೆಯ ಹೊತ್ತಿಗೆ ಗಂಟಲು. ಪ್ರಯೋಗಾಲಯ ಅಂತ ಕರೆಯುತ್ತಿದ್ದದ್ದು ಒಂದು ತುಕ್ಕು ಹಿಡಿದ ಬೀರುವನ್ನು. ಅದರಲ್ಲಿ ನಾಲ್ಕಾರು ಗಾಜಿನ ಜಾಡಿ, ಮೇಣದ ಬತ್ತಿ, ಕಾಂತ, ಒಡೆದ ಕನ್ನಡಿಯ ಚೂರು, ಕೆಂಪು ಶಾಯಿಯ ಒಂದು ಸೀಸೆ. ಅಷ್ಟರಲ್ಲೇ ಆಕೆ ಸಂಸಾರ ತೂಗಿಸಿದ ಹಾಗೆ ವಿಜ್ಞಾನವನ್ನೂ ತೂಗಿಸುತ್ತಿದ್ದಳು.

ಆ ವರ್ಷ ಏಳನೇ ತರಗತಿಯ ಒಬ್ಬ ಹುಡುಗಿ ಸೈಕಲ್ಲಿಂದ ಬಿದ್ದು ಕಾಲು ಮುರಿದುಕೊಂಡಳು. ಮಹಾ ಮಾತುಗಾತಿ. ಅವಳಿಲ್ಲದೆ ತರಗತಿ ಉಪ್ಪಿಲ್ಲದ ಸಾರಿನಂತಾಗಿತ್ತು. ಅವಳ ಅಪ್ಪ ಲಾರಿ ಡ್ರೈವರ್. ಒಂದು ಸಂಜೆ ಶಾಲೆಯ ಗೇಟಿನ ಬಳಿ ಲಾರಿ ನಿಲ್ಲಿಸಿ ಬಂದು, "ಟೀಚರ್, ಮಗಳು ಮನೇಲಿ ಕೂತು ಅಳ್ತಾಳೆ, ಪಾಠ ತಪ್ಪಿಹೋಗ್ತಿದೆ ಅಂತ. ಫೋನಲ್ಲಿ ಒಂಚೂರು ವಿಡಿಯೋ ಮಾಡಿ ಕಳಿಸೋಕಾಗುತ್ತಾ?" ಎಂದು ಕೇಳಿದ. ಆಗಲ್ಲ ಅನ್ನಲು ಆಕೆಗೆ ಬಾಯಿ ಬರಲಿಲ್ಲ.

ಮರುದಿನ ಹಿಂದಿನ ಬೆಂಚಿನ ಮೇಲೆ ಪುಸ್ತಕಗಳನ್ನು ಪೇರಿಸಿ, ಅದಕ್ಕೆ ಫೋನನ್ನು ಒರಗಿಸಿಟ್ಟು ಪಾಠ ಶುರು ಮಾಡಿದಳು. ಮಕ್ಕಳ ಬೆನ್ನು, ಅದರಾಚೆ ಮೇಜು, ಮೇಜಿನ ಹಿಂದೆ ಟೀಚರ್. ತಟ್ಟೆಯಲ್ಲಿ ಕೆಂಪು ಶಾಯಿ ಬೆರೆಸಿದ ನೀರು. ನಡುವೆ ಜೇಡಿಮಣ್ಣಲ್ಲಿ ಊರಿದ ಮೇಣದ ಬತ್ತಿ. ಬತ್ತಿ ಹಚ್ಚಿದಳು, ಮೇಲೆ ಗಾಜಿನ ಜಾಡಿ ಬೋರಲು ಹಾಕಿದಳು. ಜ್ವಾಲೆ ಕುಗ್ಗಿತು, ನೀಲಿಯಾಯಿತು, ಆರಿತು. ಆರಿದ್ದೇ ತಡ, ಕೆಂಪು ನೀರು ಜಾಡಿಯೊಳಗೆ ಸರಸರ ಮೇಲೇರಿತು. ಮಕ್ಕಳು "ಹೋ!" ಎಂದು ಕೂಗಿದರು.

ಟೀಚರ್ ನಾಟಕದ ರಾಜನ ಹಾಗೆ ಎರಡೂ ಕೈ ಎತ್ತಿದಳು. "ಇದ್ಯಾಕೆ ಹೀಗಾಯ್ತು ಗೊತ್ತಾ? ಬೆಂಕಿಗೆ ಆಮ್ಲಜನಕ ಬೇಕು. ಬತ್ತಿ ಒಳಗಿದ್ದ ಆಮ್ಲಜನಕವನ್ನೆಲ್ಲ ಗಬಗಬ ತಿಂದುಬಿಡ್ತು!" ಎಂದು ಗಾಳಿಯನ್ನು ತುತ್ತು ಮಾಡಿ ನುಂಗುವ ಹಾಗೆ ಬಾಯಿ ಆಡಿಸಿ ತೋರಿಸಿದಳು. "ಒಳಗೆ ಜಾಗ ಖಾಲಿ ಆಯ್ತು. ಆ ಜಾಗಕ್ಕೆ ನೀರು ನುಗ್ಗಿತು. ಗಾಳೀಲಿ ಆಮ್ಲಜನಕ ಎಷ್ಟಿದೆ? ಹೆಚ್ಚು ಕಡಿಮೆ ಐದರಲ್ಲಿ ಒಂದು ಪಾಲು. ನೀರು ಎಷ್ಟು ಏರಿದೆ? ನೋಡಿ, ಅದೂ ಐದರಲ್ಲಿ ಒಂದು ಪಾಲು. ಲೆಕ್ಕ ಸರಿಹೋಯ್ತು!"

ಮಕ್ಕಳು ಚಪ್ಪಾಳೆ ತಟ್ಟಿದರು. ಟೀಚರ್ ಚಪ್ಪಾಳೆ ಮುಗಿಯುವವರೆಗೂ ಕಾದು, ಕನ್ನಡಕ ಜಾರಿಸಿ, ಮೆಲ್ಲಗೆ ಕೇಳಿದಳು. "ಹೌದಾ?"

ನಿಜವಾದ ಪಾಠ ಶುರುವಾದದ್ದು ಅಲ್ಲಿಂದ. ಅದೇ ಜಾಡಿ, ಅದೇ ತಟ್ಟೆ, ಆದರೆ ಈ ಸಲ ಮೂರು ಬತ್ತಿ. ನೀರು ಮೊದಲಿಗಿಂತ ಎಷ್ಟೋ ಮೇಲೇರಿತು. "ಜಾಡಿ ಅದೇ. ಒಳಗಿನ ಗಾಳಿ ಅಷ್ಟೇ. ಬತ್ತಿ ಮೂರಾದ ಮಾತ್ರಕ್ಕೆ ಆಮ್ಲಜನಕ ಹೆಚ್ಚಾಗಿಬಿಡ್ತಾ?" ಇನ್ನೊಂದು ಸಲ ಮಾಡಿ, "ನೀರು ಯಾವಾಗ ಏರುತ್ತೆ, ಕಣ್ಣಿಟ್ಟು ನೋಡಿ" ಎಂದಳು. ಬತ್ತಿ ಉರಿಯುವಾಗ ನೀರು ಏರಿದ್ದು ಇಲ್ಲವೆನ್ನುವಷ್ಟು. ಏರಿದ್ದೆಲ್ಲ ಆರಿದ ಮೇಲೆ. ಬೆಂಕಿ ಆಮ್ಲಜನಕ ತಿನ್ನುವುದರಿಂದಲೇ ನೀರು ಏರುವುದಾದರೆ ಉರಿಯುತ್ತಿರುವಾಗಲೇ ಏರಬೇಕಿತ್ತಲ್ಲ? ಅಲ್ಲದೆ ಬತ್ತಿ ಉರಿದಾಗ ಆಮ್ಲಜನಕ ಮಾಯವಾಗುವುದಿಲ್ಲ; ಇಂಗಾಲದ ಡೈಆಕ್ಸೈಡ್ ಆಗಿ, ನೀರಾವಿಯಾಗಿ ಅಲ್ಲೇ ಇರುತ್ತದೆ. ಆಮ್ಲಜನಕವೂ ಪೂರ್ತಿ ಮುಗಿಯುವ ಮೊದಲೇ ಬತ್ತಿ ಆರಿಹೋಗುತ್ತದೆ. ಕೊನೆಗೆ ಆಕೆ ಬತ್ತಿಯನ್ನೇ ಕಿತ್ತಿಟ್ಟು, ಜಾಡಿಗೆ ಬಿಸಿನೀರು ಸುರಿದು ಕಾಯಿಸಿ, ನೀರು ಚೆಲ್ಲಿ, ಬಿಸಿಯಾದ ಖಾಲಿ ಜಾಡಿಯನ್ನು ತಟ್ಟೆಯಲ್ಲಿ ಬೋರಲು ಹಾಕಿದಳು. ಜಾಡಿ ತಣ್ಣಗಾಗುತ್ತ ಬಂದ ಹಾಗೆ ಕೆಂಪು ನೀರು ತಾನೇ ಏರತೊಡಗಿತು.

"ಬೆಂಕಿ ಇಲ್ಲ, ತಿನ್ನೋರಿಲ್ಲ. ನೀರು ಯಾಕೆ ಏರ್ತು?"

ಗಾಳಿ ಬಿಸಿಯಾದಾಗ ಹಿಗ್ಗುತ್ತದೆ, ಸ್ವಲ್ಪ ಅಂಚಿನಿಂದ ಹೊರಗೆ ಹೋಗಿಬಿಡುತ್ತದೆ. ಉಳಿದದ್ದು ತಣ್ಣಗಾದಾಗ ಕುಗ್ಗುತ್ತದೆ, ಒಳಗಿನ ಒತ್ತಡ ಇಳಿಯುತ್ತದೆ, ಹೊರಗಿನ ಗಾಳಿಯ ಒತ್ತಡ ನೀರನ್ನು ಒಳಕ್ಕೆ ದಬ್ಬುತ್ತದೆ. ಅಲ್ಲಿಗೆ ಮಕ್ಕಳೇ ಬಂದು ಮುಟ್ಟಲು ಒಂದು ತಾಸಿನ ಮುಕ್ಕಾಲು ಪಾಲು ಹಿಡಿಯಿತು. ಐದನೇ ಒಂದು ಪಾಲು ಎಂದು ಲೆಕ್ಕ ಸರಿಹೋದದ್ದು ಬರೀ ಕಾಕತಾಳೀಯ.

ಟೀಚರ್ ವಿಡಿಯೋವನ್ನು ಪೋಷಕರ ಗುಂಪಿಗೆ ಹಾಕಿ ಮರೆತುಬಿಟ್ಟಳು.

ಆಮೇಲೆ ನಡೆದದ್ದರಲ್ಲಿ ಯಾರದೂ ಕೆಟ್ಟ ಮನಸ್ಸಿರಲಿಲ್ಲ. ಲಾರಿ ಡ್ರೈವರ್ ಅಪ್ಪ ಹೆಮ್ಮೆಯಿಂದ ಅದನ್ನು ತನ್ನ ಸ್ಟೇಟಸ್ಸಿಗೆ ಹಾಕಿದ. ಸ್ಟೇಟಸ್ಸಿಗೆ ಒಂದು ಮಿತಿ ಉಂಟು. ಉದ್ದದ ವಿಡಿಯೋ ಕೊಟ್ಟರೆ ಅದು ಮೊದಲ ತುಂಡನ್ನು ಮಾತ್ರ ಇಟ್ಟುಕೊಂಡು ಮಿಕ್ಕದ್ದನ್ನು ಕೈಬಿಡುತ್ತದೆ. ಆ ತುಂಡು ಮುಗಿಯುತ್ತಿದ್ದದ್ದು ಸರಿಯಾಗಿ ಚಪ್ಪಾಳೆಯ ಮಧ್ಯಕ್ಕೆ. ಅದನ್ನು ಇನ್ನೊಬ್ಬ ಡ್ರೈವರ್ ಇಳಿಸಿಕೊಂಡು ತಮ್ಮ ಗುಂಪಿಗೆ ಹಾಕಿದ. ಗುಂಪಿನಿಂದ ಗುಂಪಿಗೆ ಹೋಗುತ್ತ ಹೋಗುತ್ತ ಚಿತ್ರ ಮಸುಕಾಯಿತು, ಕಳಿಸಿದವರ ಹೆಸರು ಕಳಚಿತು, 'ಹಲವು ಬಾರಿ ರವಾನೆಯಾಗಿದೆ' ಎಂಬ ಗುರುತು ಬಿತ್ತು. ಎಲ್ಲೋ ಒಂದು ಪಟ್ಟಣದಲ್ಲಿ, ಹಗಲು ಮೊಬೈಲ್ ಅಂಗಡಿಯಲ್ಲಿ ದುಡಿದು ಸಂಜೆ ನಾಲ್ಕು ಪೇಜು ನಡೆಸುವ ಒಬ್ಬ ತರುಣನ ಕೈಗೆ ಅದು ಸಿಕ್ಕಿತು. ಅವನು ಶುರುವಿನ ಹಾಜರಿ, ಕೆಮ್ಮು ಎಲ್ಲ ಕತ್ತರಿಸಿ, ಕಡ್ಡಿ ಗೀರುವಲ್ಲಿಂದ 'ಲೆಕ್ಕ ಸರಿಹೋಯ್ತು' ವರೆಗೆ ಇಟ್ಟುಕೊಂಡು, ಹಿಂದೆ ಸಂಗೀತ ಹಾಕಿ, ಮೇಲೆ ದಪ್ಪಕ್ಷರದಲ್ಲಿ 'ಇಂಥ ಟೀಚರ್ ನಿಮಗೂ ಇದ್ದಿದ್ದರೆ?' ಎಂದು ಬರೆದು ಬಿಟ್ಟ.

ಟೀಚರಿಗೆ ಸುದ್ದಿ ಮುಟ್ಟಿದ್ದು ಗಂಡನಿಂದ. ಅವನದು ರಸ್ತೆ ತಿರುವಿನಲ್ಲಿ ಪಂಕ್ಚರ್ ಅಂಗಡಿ. ಟೈರು ಬಿಚ್ಚಿ ಕೊಟ್ಟು ಕಾಯುವವರಿಗೆ ಫೋನು ನೋಡುವುದು ಬಿಟ್ಟರೆ ಬೇರೆ ಕೆಲಸವಿಲ್ಲ. ಮಧ್ಯಾಹ್ನ ಊಟಕ್ಕೆ ಬಂದವನು ಕೈ ತೊಳೆಯುವುದನ್ನೂ ಮರೆತು, "ಲೇ, ಇವತ್ತು ಅಂಗಡಿಗೆ ಬಂದ ಮೂರು ಜನರ ಫೋನಲ್ಲೂ ನೀನೇ ಇದ್ದೆ ಕಣೆ. ಒಬ್ಬರಿಗೊಬ್ಬರು ಪರಿಚಯದೋರೂ ಅಲ್ಲ" ಎಂದ.

"ನಾನಾ? ನಾನ್ಯಾಕೆ?"

"ಗಾಳಿ ತಿಂತಿದ್ದೆ."

ಎರಡು ದಿನ ಮನೆಯೆಲ್ಲ ನಗುವೇ ನಗು. ತಂಗಿ ದೂರದ ಊರಿಂದ ಫೋನು ಮಾಡಿ, "ಅಕ್ಕಾ, ನಮ್ಮ ಆಫೀಸಲ್ಲಿ ಎಲ್ರೂ ನೋಡ್ತಿದ್ದಾರೆ. ಇವರು ನಮ್ಮಕ್ಕ ಅಂದ್ರೆ ಯಾರೂ ನಂಬಲ್ಲ!" ಎಂದಳು. ಹೆಡ್‌ಮೇಷ್ಟ್ರು ಮುಖ ಇಷ್ಟಗಲ ಮಾಡಿಕೊಂಡು, ಶಾಲೆಗೆ ಸುಣ್ಣ ಬಳಿಸಲು ಇದೇ ಸಮಯ ಎಂದು ಮೇಲಿನವರಿಗೆ ಅರ್ಜಿ ಬರೆಯಲು ಕೂತರು. ಟೀಚರೂ ಕದ್ದುಮುಚ್ಚಿ ಒಂದೆರಡು ಸಲ ನೋಡಿಕೊಂಡಳು. 'ಕಣ್ಣಲ್ಲಿ ನೀರು ಬಂತು' ಎಂದು ಬರೆದವರನ್ನು ಕಂಡು ಆಕೆಯ ಕಣ್ಣಲ್ಲೂ ನೀರು ಬಂತು. ಆದರೆ ಮೂರನೇ ಸಲ ನೋಡಿ, ಕೊನೆಯನ್ನು ಮತ್ತೆ ಮತ್ತೆ ಓಡಿಸಿದಳು. 'ಹೌದಾ' ಎಲ್ಲಿ?

"ರೀ, ಇದು ಅರ್ಧ. ಇದರಲ್ಲಿ ನಾನು ಹೇಳಿದ್ದು ತಪ್ಪು."

"ತಪ್ಪಾ? ಮತ್ಯಾಕೆ ಹೇಳ್ದೆ?"

"ತಪ್ಪು ಅಂತ ತೋರ್ಸೋಕೆ ಹೇಳ್ದೆ!"

ಗಂಡ ತುತ್ತು ಕೈಯಲ್ಲೇ ಹಿಡಿದು ಯೋಚಿಸಿದ. "ಅದನ್ನ ಇಷ್ಟು ಜನಕ್ಕೆ ಹೇಗೆ ಹೇಳ್ತೀಯ ಈಗ?"

ಆಕೆ ಹೇಳುವ ಮೊದಲೇ ಬೇರೆಯವರು ಹೇಳಿದರು. ವಿಜ್ಞಾನದ ಚಾನೆಲ್ ನಡೆಸುವ ಒಬ್ಬ ಹುಡುಗ, ಪರದೆಯ ಅರ್ಧದಲ್ಲಿ ಆಕೆಯ ತುಂಡು, ಇನ್ನರ್ಧದಲ್ಲಿ ತನ್ನ ಮುಖ ಇಟ್ಟು, 'ಲಕ್ಷಾಂತರ ಜನ ಮೆಚ್ಚಿದ ಈ ಪಾಠ ಪೂರ್ತಿ ತಪ್ಪು' ಎಂದು ವಿಡಿಯೋ ಮಾಡಿದ. ಮೂರು ಬತ್ತಿ ಹಚ್ಚಿ ತೋರಿಸಿದ. ಬಿಸಿ ಗಾಳಿ, ಒತ್ತಡ ಎಲ್ಲವನ್ನೂ ಚೊಕ್ಕವಾಗಿ ವಿವರಿಸಿದ. ಟೀಚರ್ ಅದನ್ನು ಪೂರ್ತಿ ನೋಡಿದಳು. ಅವನು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಆಕೆಯ ಪಾಠದ ಉಳಿದರ್ಧವನ್ನೇ ಅವನು ಆಕೆಗೆ ತಿರುಗಿಸಿ ಹೇಳುತ್ತಿದ್ದ.

ಅಲ್ಲಿಂದ ಹೊಗಳಿಕೆಯ ಗಾಳಿ ತಿರುಗಿತು. ಮೆಚ್ಚಿಗೆ ನಡೆದುಕೊಂಡು ಹೋದರೆ ಸಿಟ್ಟು ಬಸ್ಸು ಹತ್ತಿ ಹೋಗುತ್ತದೆ. 'ಇವರಿಗೆ ಸಂಬಳ ಬೇರೆ ಕೇಡು', 'ಮಕ್ಕಳ ಭವಿಷ್ಯ ಹಾಳು', 'ಮೊದಲು ಗೋಡೆಗೆ ಸುಣ್ಣ ಹೊಡೀರಿ', 'ಈಯಮ್ಮ ನಾಟಕಕ್ಕೆ ಲಾಯಕ್ಕು'. ಆಕೆಯ ಪರವಾಗಿ ಜಗಳಕ್ಕೆ ನಿಂತವರೂ ಇದ್ದರು. ಪ್ರತಿ ಬೈಗುಳಕ್ಕೂ ಒಂದು ಮರುಬೈಗುಳ, ಪ್ರತಿ ಜಗಳಕ್ಕೂ ಇನ್ನಷ್ಟು ನೋಡುಗರು. ಇನ್ಯಾರೋ ಚಿತ್ರವನ್ನು ಎಡಬಲ ತಿರುಗಿಸಿ ತಮ್ಮದೆಂದು ಹಾಕಿಕೊಂಡರು. ಅದರಲ್ಲಿ ಕರಿಹಲಗೆಯ ಅಕ್ಷರಗಳೆಲ್ಲ ಉಲ್ಟಾ. ಇನ್ನೊಂದರಲ್ಲಿ ಆಕೆ ಗೊತ್ತಿಲ್ಲದ ಭಾಷೆಯೊಂದರಲ್ಲಿ, ಯಾವುದೋ ಹೆಂಗಸಿನ ತೆಳ್ಳನೆಯ ದನಿಯಲ್ಲಿ ಮಾತಾಡುತ್ತಿದ್ದಳು. ತನ್ನ ಬಾಯಿ, ತನ್ನ ಕೈ, ಬೇರೆಯವಳ ಮಾತು. ಅದನ್ನು ನೋಡಿದ ದಿನ ಆಕೆ ಅನ್ನ ಬಿಟ್ಟೆದ್ದಳು.

ಸೋದರಳಿಯನ ಸಹಾಯದಿಂದ ಒಂದು ಖಾತೆ ತೆರೆದು ಪೂರ್ತಿ ಪಾಠವನ್ನು ಹಾಕಿದಳು. 'ದಯವಿಟ್ಟು ಪೂರ್ತಿ ನೋಡಿ' ಎಂದು ಮೇಲೆ ಬರೆದಳು. ನೋಡಿದವರು ತಂಗಿ, ಸೋದರಳಿಯ, ಹೆಡ್‌ಮೇಷ್ಟ್ರು, ಇನ್ನು ಬೆರಳೆಣಿಕೆಯ ಪುಣ್ಯಾತ್ಮರು. ಸೋದರಳಿಯ, "ದೂರು ಕೊಡಿ ಅತ್ತೆ, ವಿಡಿಯೋ ತೆಗೆದದ್ದು ನೀವು, ಹಕ್ಕು ನಿಮ್ಮದು" ಎಂದ. ಕೊಟ್ಟಳು. ಒಂದು ಪ್ರತಿ ಹೋಯಿತು. ತಿರುಗುಮುರುಗು ಮಾಡಿದ್ದು, ಅಂಚು ಕತ್ತರಿಸಿದ್ದು, ದನಿ ಬದಲಿಸಿದ್ದು ಎಲ್ಲ ಹಾಗೇ ಉಳಿದವು. ಒಂದೊಂದಕ್ಕೂ ಬೇರೆ ಬೇರೆ ದೂರು ಕೊಡಬೇಕಂತೆ. ನೆಲ ಒರೆಸುತ್ತ ಹೋದ ಹಾಗೆ ಹಿಂದೆ ಕೆಸರುಗಾಲಲ್ಲಿ ಯಾರೋ ನಡೆದು ಬಂದ ಹಾಗಾಗಿತ್ತು ಆಕೆಯ ಪಾಡು.

ಕೊನೆಗೆ ಪೇಜಿನ ತರುಣನ ನಂಬರು ಹುಡುಕಿ ಫೋನು ಮಾಡಿದಳು. ಜಗಳವಾಡಲೆಂದೇ ಮಾಡಿದ್ದು. ಅವನು, "ಅಯ್ಯೋ ಮೇಡಂ, ನೀವಾ!" ಎಂದು ಎಷ್ಟು ಸಂತೋಷಪಟ್ಟನೆಂದರೆ ಜಗಳ ಗಂಟಲಲ್ಲೇ ನಿಂತಿತು.

"ನನಗೆ ಬಂದಿದ್ದೇ ಅಷ್ಟು ಮೇಡಂ. ಮುಂದೆ ಇನ್ನೂ ಇದೆ ಅಂತ ಗೊತ್ತೇ ಇರ್ಲಿಲ್ಲ. ನಿಮ್ಮಾಣೆಗೂ."

"ಈಗ ಗೊತ್ತಾಯ್ತಲ್ಲಪ್ಪ. ತೆಗೆದುಬಿಡು."

"ತೆಗೀತೀನಿ. ಆದ್ರೆ ನಾನು ತೆಗೆದ್ರೆ ನನ್ನದೊಂದು ಹೋಗುತ್ತೆ, ನೂರು ಕಾಪಿ ಉಳಿಯುತ್ತೆ. ಬೇಡ, ಇರ್ಲಿ, ಅದರ ಕೆಳಗೇ ಪೂರ್ತಿ ಪಾಠದ ಲಿಂಕ್ ಹಾಕಿ ಮೇಲೆ ನಿಲ್ಲಿಸ್ತೀನಿ. ಎರಡನೇ ಭಾಗಾನೂ ಬೇರೆಯಾಗಿ ಹಾಕ್ತೀನಿ."

"ನಾನು ಹಾಕಿದ್ದನ್ನ ಯಾಕೆ ಯಾರೂ ನೋಡ್ತಿಲ್ಲ?"

ಅವನು ಪಾಠ ಹೇಳುವವನ ದನಿಗೆ ಬಂದ. "ಮೇಡಂ, ನೀವು ಹಾಕಿದ ಕೂಡ್ಲೆ ಅದು ಎಲ್ರಿಗೂ ಹೋಗಲ್ಲ. ಆ್ಯಪ್ ಮೊದಲು ಸ್ವಲ್ಪ ಜನಕ್ಕೆ ತೋರಿಸಿ ನೋಡುತ್ತೆ. ಅವರು ಕೊನೇವರೆಗೂ ನೋಡಿದ್ರಾ, ಇನ್ನೊಂದು ಸಲ ನೋಡಿದ್ರಾ, ಯಾರಿಗಾದ್ರೂ ಕಳಿಸಿದ್ರಾ ಅಂತ ಲೆಕ್ಕ ಇಡುತ್ತೆ. ನೋಡಿದ್ರೆ ಇನ್ನಷ್ಟು ಜನಕ್ಕೆ ತೋರ್ಸುತ್ತೆ, ಇಲ್ಲಾಂದ್ರೆ ಅಲ್ಲೇ ಬಿಟ್ಟುಬಿಡುತ್ತೆ. ನಿಮ್ಮದು ಶುರುವಾಗೋದೇ ಹಾಜರಿ ಕರೆಯೋದ್ರಿಂದ. ಜನ ಎರಡು ಸೆಕೆಂಡು ನೋಡಿ ಬೆರಳು ಎತ್ತಿಬಿಡ್ತಾರೆ. ನನ್ನದು ಕಡ್ಡಿ ಗೀರೋದ್ರಿಂದ ಶುರು, ಮುಗಿದ ತಕ್ಷಣ ತಾನೇ ಮತ್ತೆ ಮೊದಲಿಂದ ಓಡುತ್ತೆ. ನೀರು ಏರೋದನ್ನ ನೋಡೋಕೆ ಎಲ್ರೂ ಎರಡೆರಡು ಸಲ ನೋಡಿದ್ರು."

"ತಪ್ಪು ಅಂತ ಅಷ್ಟು ಜನ ಬೈದು ಬರೆದ್ರಲ್ಲ, ಅದಾದ್ರೂ ಲೆಕ್ಕಕ್ಕಿಲ್ವಾ?"

"ಲೆಕ್ಕಕ್ಕಿದೆ ಮೇಡಂ, ಅದೇ ತೊಂದ್ರೆ. ಬೈದ್ರೂ ಅದಕ್ಕೆ ಒಂದೇ, ಹೊಗಳಿದ್ರೂ ಒಂದೇ. ನಿಂತು ಏನೋ ಬರೆದ್ರಲ್ಲ, ಅಷ್ಟು ಸಾಕು, ಇನ್ನೂ ಮುಂದಕ್ಕೆ ತಳ್ಳುತ್ತೆ. ಸರಿ ತಪ್ಪು ಅದು ನೋಡಲ್ಲ."

ಅವನು ಕೊಟ್ಟ ಮಾತು ಉಳಿಸಿಕೊಂಡ. ಎರಡನೇ ಭಾಗ ಹಾಕಿದ. ಮೊದಲನೆಯದನ್ನು ನೋಡಿದವರಲ್ಲಿ ನೂರಕ್ಕೆ ಒಬ್ಬರು ಅದನ್ನು ನೋಡಿದ್ದರೆ ಹೆಚ್ಚು. ಚಾನೆಲ್ಲಿನ ಹುಡುಗನೂ ಸಜ್ಜನ. ಆಕೆ ತನ್ನ ವಿಡಿಯೋದ ಕೆಳಗೆ ಬರೆದದ್ದನ್ನು ಓದಿ, ಪೂರ್ತಿ ಪಾಠ ನೋಡಿ, 'ಈ ಟೀಚರ್ ನನಗಿಂತ ಚೆನ್ನಾಗಿ ಹೇಳಿದ್ದಾರೆ, ಕ್ಷಮಿಸಿ' ಎಂದು ಇನ್ನೊಂದು ವಿಡಿಯೋ ಮಾಡಿದ. ಕ್ಷಮೆಯ ವಿಡಿಯೋವನ್ನು ಅವನ ಅಭಿಮಾನಿಗಳು ನೋಡಿದರು. ಉಳಿದವರಿಗೆ ಆಗಲೇ ಬೇರೆ ಯಾರೋ ಸಿಕ್ಕಿದ್ದರು.

ಈ ನಡುವೆ ಶಿಕ್ಷಣಾಧಿಕಾರಿಯ ಕಚೇರಿಯಿಂದ ಕರೆ ಬಂತು. ಪಾಠ ತಪ್ಪೆಂಬುದು ಅವರ ಮುಖ್ಯ ಪ್ರಶ್ನೆಯಾಗಿರಲಿಲ್ಲ. "ಇಬ್ಬರು ಮಕ್ಕಳು ಹಿಂದೆ ತಿರುಗಿದಾಗ ಮುಖ ಕಾಣುತ್ತಮ್ಮಾ. ಹೆತ್ತವರ ಒಪ್ಪಿಗೆ ತಗೊಂಡಿದ್ರಾ?" ಆಕೆ ಇಲ್ಲ ಎಂದಳು. ಅದು ನಿಜವಾಗಿಯೂ ತನ್ನ ತಪ್ಪು ಅನ್ನಿಸಿತು. ಒಬ್ಬಳಿಗೆಂದು ಗುಂಪಿಗೆ ಹಾಕುವಾಗ ಊರಿಗೆಲ್ಲ ಹೋಗಬಹುದೆಂದು ಯೋಚಿಸಬೇಕಿತ್ತು. ಎಚ್ಚರಿಕೆ ಕೊಟ್ಟು ಕಳಿಸಿದರು. ಆ ಇಬ್ಬರ ಮನೆಗೂ ಹೋಗಿ ಕೇಳಿಕೊಂಡು ಬಂದಳು. ಒಬ್ಬನ ತಾಯಿ ನಕ್ಕು, "ಅವನಿಗೇನು ಟೀಚರ್, ಹೀರೋ ಆಗ್ಬಿಟ್ಟಿದ್ದಾನೆ" ಎಂದಳು. ಇನ್ನೊಬ್ಬಳ ಅಜ್ಜಿ ನಗಲಿಲ್ಲ.

ಮಳೆಗಾಲ ಕಳೆಯಿತು. ವಿಡಿಯೋ ಎಲ್ಲ ಹಳೆಯ ಸುದ್ದಿಯ ಹಾಗೆ ತಳ ಸೇರಿತು ಎಂದು ಆಕೆ ಉಸಿರು ಬಿಟ್ಟಳು. ಹುಡುಗಿಯ ಕಾಲಿನ ಪಟ್ಟಿ ಬಿಚ್ಚಿದ್ದರು. ಅವಳು ಕುಂಟುತ್ತಲೇ ಬಂದು ಮೊದಲ ಬೆಂಚು ಹಿಡಿದಿದ್ದಳು. ಆಗ ಸುತ್ತಲಿನ ಶಾಲೆಗಳಿಗೆಲ್ಲ ಸೇರಿ ಒಂದೇ ಪ್ರಶ್ನೆಪತ್ರಿಕೆಯ ಪರೀಕ್ಷೆ ನಡೆಯಿತು. ವಿಜ್ಞಾನದಲ್ಲಿ ಒಂದು ಪ್ರಶ್ನೆ: ತಟ್ಟೆಯ ನೀರಲ್ಲಿ ಉರಿಯುವ ಬತ್ತಿಯ ಮೇಲೆ ಜಾಡಿ ಮುಚ್ಚಿದಾಗ ನೀರು ಯಾಕೆ ಏರುತ್ತದೆ?

ಪರೀಕ್ಷೆ ಮುಗಿಸಿ ಬಂದ ಮಕ್ಕಳು ಕುಣಿಯುತ್ತಿದ್ದರು. "ಟೀಚರ್, ನಮ್ಮ ಪ್ರಶ್ನೆ ಬಂದಿತ್ತು!" ಟೀಚರಿಗೂ ಒಂದು ಗಳಿಗೆ ಆಯಾಸವೆಲ್ಲ ಇಳಿದ ಹಾಗಾಯಿತು.

ಅಂಕ ಬಂದಾಗ ನೋಡಿದರೆ, ಆ ಪ್ರಶ್ನೆಗೆ ಆಕೆಯ ತರಗತಿಯ ಮಕ್ಕಳಿಗೆಲ್ಲ ಸೊನ್ನೆ. ಒಬ್ಬನಿಗೆ ಮಾತ್ರ ಪೂರ್ತಿ ಅಂಕ. ಅವನು ಪಾಠದ ದಿನ ರಜೆ ಹಾಕಿದ್ದವನು, ಫೋನಿನ ತುಂಡು ಮಾತ್ರ ನೋಡಿದ್ದವನು.

ಕಾಲು ಮುರಿದಿದ್ದ ಹುಡುಗಿ ಉತ್ತರಪತ್ರಿಕೆ ಹಿಡಿದು ಮೇಜಿನ ಮುಂದೆ ಬಂದು ನಿಂತಳು. "ಟೀಚರ್, ನಾನು ಬಿಸಿ ಗಾಳಿ ಅಂತ ಬರ್ದೆ. ಒತ್ತಡ ಅಂತಾನೂ ಬರ್ದೆ. ಚಿತ್ರಾನೂ ಬಿಡ್ಸಿದ್ದೆ. ಕೆಂಪು ಗೀಟು ಎಳೆದಿದ್ದಾರೆ." "ನೀವು ಹೇಳಿದ್ದು ತಪ್ಪಾ?"

ಬಂದ ಬೈಗುಳಗಳೆಲ್ಲ ಸೇರಿ ಮಾಡದಿದ್ದ ನೋವನ್ನು ಆ ಒಂದು ಪ್ರಶ್ನೆ ಮಾಡಿತು. "ತಪ್ಪಲ್ಲ. ನೀನು ಪೂರ್ತಿ ವಿಡಿಯೋದಲ್ಲಿ ಕಣ್ಣಾರೆ ನೋಡಿದ್ದೀಯಲ್ಲ" ಎಂದಷ್ಟೇ ಹೇಳಿ, ಉತ್ತರಪತ್ರಿಕೆಗಳನ್ನು ಚೀಲಕ್ಕೆ ಹಾಕಿಕೊಂಡು, ಅರ್ಧ ದಿನ ರಜೆ ಬರೆದುಕೊಟ್ಟು ಬಸ್ಸು ಹತ್ತಿದಳು.

ಪರೀಕ್ಷಾ ವಿಭಾಗ ಇದ್ದದ್ದು ಹಳೆಯ ಕಟ್ಟಡವೊಂದರ ಮಹಡಿಯಲ್ಲಿ. ಮೆಟ್ಟಿಲು ಹತ್ತುವಷ್ಟರಲ್ಲಿ ಮಂಡಿ ಬೊಬ್ಬೆ ಹೊಡೆಯುತ್ತಿತ್ತು. ಉದ್ದನೆಯ ಕೋಣೆ, ಗೋಡೆಗುಂಟ ಹಗ್ಗ ಕಟ್ಟಿದ ಉತ್ತರಪತ್ರಿಕೆಯ ಕಟ್ಟುಗಳು, ಕಿರುಗುಟ್ಟುವ ಫ್ಯಾನು. ವಿಜ್ಞಾನದ ವಿಷಯ ಪರಿವೀಕ್ಷಕರು ನರೆತ ತಲೆಯ, ನಿವೃತ್ತಿಯ ಅಂಚಿನಲ್ಲಿದ್ದ ಮನುಷ್ಯ. ಕೂರಲು ಕುರ್ಚಿ ಎಳೆದುಕೊಟ್ಟರು. ಆಕೆ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಮಾದರಿ ಉತ್ತರದ ಹಾಳೆ ತೆಗೆದು ಮುಂದಿಟ್ಟರು. 'ಬತ್ತಿಯು ಆಮ್ಲಜನಕವನ್ನು ಬಳಸಿಕೊಳ್ಳುವುದರಿಂದ ಉಂಟಾದ ಖಾಲಿ ಜಾಗಕ್ಕೆ ನೀರು ಏರುತ್ತದೆ. ಏರಿಕೆ ಸುಮಾರು ಐದನೇ ಒಂದು ಭಾಗ.'

"ಇದು ತಪ್ಪು ಸರ್."

ಅವರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. "ನಂಗೂ ಗೊತ್ತಮ್ಮಾ. ಪತ್ರಿಕೆ ತಯಾರು ಮಾಡಿದವರನ್ನ ನಾನೂ ಕೇಳಿದೆ. ಅವರೇನಂದ್ರು ಗೊತ್ತಾ? ಹಳೇ ಪುಸ್ತಕದಲ್ಲೂ ಹೀಗೇ ಇದೆ, ಅಲ್ದೆ ಒಬ್ಬ ಟೀಚರ್ ವಿಡಿಯೋದಲ್ಲಿ ಎಷ್ಟು ಚೆನ್ನಾಗಿ ತೋರಿಸಿದ್ದಾರೆ, ನೀವು ನೋಡಿಲ್ವಾ ಅಂತ ನನ್ನನ್ನೇ ಕೇಳಿದ್ರು." ಆಕೆಯ ಮುಖ ನೋಡಿ, "ಆ ಟೀಚರ್ ನೀವೇ ತಾನೆ?" ಎಂದರು.

ಟೀಚರಿಗೆ ನಗು ಬಂತು. ತಡೆಯಲಾರದ, ಒಣಗಿದ ನಗು. ಪರಿವೀಕ್ಷಕರೂ ನಕ್ಕರು. ಪಕ್ಕದ ಮೇಜಿನ ಗುಮಾಸ್ತ ಇವರಿಗೇನು ಬಂತು ಎಂಬಂತೆ ತಲೆಯೆತ್ತಿ ನೋಡಿದ.

"ನನ್ನ ಮಾತಿಂದಲೇ ನನ್ನ ಮಕ್ಕಳಿಗೆ ಸೊನ್ನೆ ಬಂತು ಅನ್ನಿ."

"ಹಾಗೇ ಆಯ್ತಮ್ಮ."

"ಮರುಮೌಲ್ಯಮಾಪನ ಮಾಡಿಸಿ ಸರ್. ಬೇಕಾದ್ರೆ ಇಲ್ಲೇ ಮಾಡಿ ತೋರಿಸ್ತೀನಿ, ಬಿಸಿನೀರು ಒಂದು ಲೋಟ ಸಾಕು."

"ನನಗೆ ತೋರಿಸಿ ಏನು ಮಾಡ್ತೀರ? ಒಪ್ಪಿದವನಿಗೆ ಯಾಕೆ ಸಾಕ್ಷಿ?" ಅವರು ಗೋಡೆಯ ಕಟ್ಟುಗಳತ್ತ ಕೈ ತೋರಿಸಿದರು. "ಎಲ್ಲಾ ಶಾಲೆಗಳ ಸಾವಿರಾರು ಮಕ್ಕಳು ಆ ತಪ್ಪನ್ನೇ ಬರೆದಿದ್ದಾರೆ. ಈಗ ಅದು ತಪ್ಪು ಅಂದ್ರೆ ಅವರಿಗೆಲ್ಲ ಅಂಕ ಕಿತ್ಕೋಬೇಕು. ಹೆತ್ತವರು ಸುಮ್ನಿರ್ತಾರಾ? ನಾನು ಒಂದು ಮಾಡಬಲ್ಲೆ. ಎರಡೂ ಉತ್ತರಕ್ಕೂ ಅಂಕ ಕೊಡಬೇಕು ಅಂತ ಟಿಪ್ಪಣಿ ಹಾಕಬಲ್ಲೆ."

"ಎರಡೂ ಸರಿಯಾಗೋಕೆ ಹೇಗೆ ಸಾಧ್ಯ ಸರ್?"

"ಸಾಧ್ಯ ಇಲ್ಲ. ಆದ್ರೆ ನಿಮ್ಮ ಮಕ್ಕಳಿಗೆ ಅಂಕ ಸಿಗುತ್ತೆ."

ಫ್ಯಾನು ಕಿರುಗುಟ್ಟುತ್ತಲೇ ಇತ್ತು. ಆಕೆ ಉತ್ತರಪತ್ರಿಕೆಗಳನ್ನು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟಳು. ಹಠ ಹಿಡಿಯಬೇಕು ಎಂದು ಬಂದವಳು. ಹಠ ಹಿಡಿಯಲು ಎದುರಿಗೆ ಯಾರೂ ಸಿಗಲಿಲ್ಲ. "ಮುಂದಿನ ಸಲದ ಮಾದರಿ ಉತ್ತರಕ್ಕೆ ಮೊದಲು ನನ್ನನ್ನೊಂದು ಮಾತು ಕೇಳಿ" ಎಂದಳು.

"ಮುಂದಿನ ಸಲ ನಾನಿರಲ್ಲಮ್ಮ. ಬರೆದಿಟ್ಟು ಹೋಗ್ತೀನಿ" ಎಂದು ಅವರು ಟಿಪ್ಪಣಿ ಬರೆಯಲು ಕೂತರು.

ಮರಳುವ ಬಸ್ಸಲ್ಲಿ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದಳು. ತನ್ನ ನಿಲ್ದಾಣ ದಾಟಿ ಹೋಗಿ, ಮುಂದಿನದರಲ್ಲಿ ಇಳಿದು, ನಡೆದೇ ಮನೆ ಸೇರಿದಳು. ಗಂಡ ಬಿಸಿನೀರು ಕಾಯಿಸಿ ಕೊಟ್ಟ. ಕಾಲು ಅದ್ದಿಕೊಂಡು ಕೂತವಳು ನಡೆದದ್ದೆಲ್ಲ ಹೇಳಿದಳು. ಅವನು ಕೇಳಿ, "ಟೈರಿಗೆ ಗಾಳಿ ತುಂಬ್ಸೋಕೆ ಬರ್ತಾರಲ್ಲ, ಮಧ್ಯಾಹ್ನ ಬಿಸಿಲಲ್ಲಿ ಓಡ್ಸಿ ಬಂದ್ರೆ ಮೀಟರು ಹೆಚ್ಚಿಗೆ ತೋರ್ಸುತ್ತೆ. ತಣ್ಣಗಾದ್ಮೇಲೆ ನೋಡಿ ಅಂದ್ರೆ ಯಾರಿಗೂ ತಾಳ್ಮೆ ಇರಲ್ಲ" ಎಂದ. ಸಮಾಧಾನಕ್ಕೆ ಹೇಳಿದನೋ, ಸುಮ್ಮನೆ ಹೇಳಿದನೋ. ಆಕೆ ಕೇಳಲಿಲ್ಲ.

ಕೆಲವು ವಾರಗಳಲ್ಲಿ ತಿದ್ದಿದ ಅಂಕ ಬಂತು. ಮಕ್ಕಳು ಖುಷಿಪಟ್ಟರು. ಆ ಹುಡುಗಿ ಮಾತ್ರ ಮುಖ ಗಂಟುಹಾಕಿಕೊಂಡೇ ಇದ್ದಳು.

"ಎರಡೂ ಸರಿ ಅಂದ್ರಂತೆ. ನಂಗೆ ಬೇಡ ಆ ಅಂಕ."

"ತಗೋ. ಅಂಕ ಬೇರೆ, ಉತ್ತರ ಬೇರೆ. ನಿನ್ನ ಉತ್ತರ ಸರಿ. ಅದನ್ನ ಯಾರೂ ನಿನ್ನಿಂದ ಕಿತ್ಕೊಳೋಕೆ ಆಗಲ್ಲ."

ಹುಡುಗಿ ಒಪ್ಪಿದಳೋ ಇಲ್ಲವೋ. ಮನೆಗೆ ಹೋದವಳು ಅಪ್ಪನನ್ನು ಹಿಡಿದು ಕೂರಿಸಿ, ಅವನ ಕಣ್ಣೆದುರೇ ಬಿಸಿ ಜಾಡಿ ಬೋರಲು ಹಾಕಿದಳಂತೆ. ಮರುದಿನ ಬೆಳಿಗ್ಗೆ ಲಾರಿ ಮತ್ತೆ ಗೇಟಿನ ಬಳಿ ನಿಂತಿತು. ಡ್ರೈವರ್ ಒಳಗೆ ಬಂದು ಕೈ ಕಟ್ಟಿ ನಿಂತ.

"ಟೀಚರ್, ಬತ್ತಿನೇ ಇಲ್ದೆ ನೀರು ಏರ್ತು! ನಾನು ಇಷ್ಟು ದಿನ ಆ ಅರ್ಧಾನೇ ನಿಜ ಅನ್ಕೊಂಡಿದ್ದೆ. ನನ್ನಿಂದ್ಲೇ ನಿಮಗೆ ಇಷ್ಟೆಲ್ಲ ಆಯ್ತಲ್ಲ. ಈಗ ಇದನ್ನೂ ವಿಡಿಯೋ ಮಾಡಿ ಸ್ಟೇಟಸ್ಸಿಗೆ ಹಾಕ್ಲಾ?"

"ಪೂರ್ತಿ ಹಿಡಿಸುತ್ತಾ ಅದರಲ್ಲಿ?"

ಅವನು ತಲೆ ಕೆರೆದುಕೊಂಡ. "ಹಿಡಿಸಲ್ಲ. ನೀರು ಏರೋಕೆ ಹೊತ್ತಾಗುತ್ತಲ್ಲ."

"ಹಾಗಾದ್ರೆ ಬೇಡ ಬಿಡಿ. ಎಲ್ಲಾದ್ರೂ ಲಾರಿ ನಿಲ್ಸಿ ಚಹಾ ಕುಡಿಯೋವಾಗ ಪಕ್ಕದೋರಿಗೆ ಮಾಡಿ ತೋರ್ಸಿ. ನಿಮ್ಮ ಕೈಲಿ ಬಿಸಿ ಲೋಟ ಇದ್ದೇ ಇರುತ್ತಲ್ಲ."

"ಅದೆಷ್ಟು ಜನ ನೋಡ್ತಾರೆ ಟೀಚರ್? ನಾಲ್ಕು ಜನ."

"ಕೊನೇವರೆಗೂ ನೋಡೋ ನಾಲ್ಕು ಜನ ಸಾಕು."

ಅವನು ಹೌದೆಂಬಂತೆ ತಲೆಯಾಡಿಸಿ ಹೋದ. ತಿಂಗಳು ಕಳೆದ ಮೇಲೆ, ದಾರಿಯ ಚಹಾ ಅಂಗಡಿಯೊಂದರಲ್ಲಿ ಅವನು ಮೂರು ಗಾಜಿನ ಲೋಟ ಒಡೆದು, ಅಂಗಡಿಯವನಿಂದ ಬೈಸಿಕೊಂಡು, ಆಮೇಲೆ ಅದೇ ಅಂಗಡಿಯವನಿಗೆ ಒತ್ತಡದ ಪಾಠ ಹೇಳಿದ ಸುದ್ದಿ ಪಂಕ್ಚರ್ ಅಂಗಡಿಯ ಮೂಲಕ ಟೀಚರಿಗೆ ಮುಟ್ಟಿತು. ಆ ದಿನ ಆಕೆಗೆ ಬೆಳಕಿನ ಪಾಠವಿತ್ತು. ಬೀರುವಿನ ಬಾಗಿಲು ಎಂದಿನಂತೆ ಸಿಕ್ಕಿಹಾಕಿಕೊಂಡಿತ್ತು. ಭುಜ ಕೊಟ್ಟು ತಳ್ಳಿ, ಒಡೆದ ಕನ್ನಡಿಯ ಚೂರುಗಳನ್ನು ಹುಷಾರಾಗಿ ಬಟ್ಟೆಯಲ್ಲಿ ಎತ್ತಿಕೊಂಡು, ಒಂದು ಗಳಿಗೆ ಗೋಡೆಗೆ ಒರಗಿ ಸುಧಾರಿಸಿಕೊಂಡು, ತರಗತಿಯತ್ತ ನಡೆದಳು.